ಡಿಸ್ಕವರ್ ಕಾರ್ಡಿನ ತಲೆಬರಹ ಮತ್ತು ಚಿತ್ರ: ಏನನ್ನೂ ಹುಡುಕದ ಓದುಗನಿಗೆ ಬರೆಯುವುದು ಹೇಗೆ?

ಸಾಗರದ ಕೃಷಿಪುಟ

ಎಲ್ಲರಿಗೂ ನಮಸ್ಕಾರ. ನಾನು ಮಲೆನಾಡಿನ ಅಡಿಕೆ ಬೆಳೆಗಾರರಿಗಾಗಿ ಒಂದು ಸಣ್ಣ ಜಾಲತಾಣವನ್ನು ನಡೆಸುತ್ತಿದ್ದೇನೆ. ಅದರಲ್ಲಿ "ಅಡಿಕೆ ಕೊಳೆರೋಗ: ಲಕ್ಷಣಗಳು, ಕಾರಣಗಳು ಮತ್ತು ಪರಿಹಾರ" ಎಂಬ ಲೇಖನವಿದೆ. ಮಳೆಗಾಲ ಬಂತೆಂದರೆ ಗೂಗಲ್ ಹುಡುಕಾಟದಿಂದ ಅದಕ್ಕೆ ಓದುಗರು ಬರುತ್ತಲೇ ಇರುತ್ತಾರೆ. ಆದರೆ ಯಾರೂ ಹುಡುಕದಿದ್ದರೂ ಗೂಗಲ್ ಫೋನಿನಲ್ಲಿ ತಾನಾಗಿ ಲೇಖನಗಳ ಕಾರ್ಡು ತೋರಿಸುವ ಡಿಸ್ಕವರ್‌ನ ವರದಿಯನ್ನು, ತಾಣ ನಡೆಸುವವರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲಿನಲ್ಲಿ ನೋಡಿದರೆ ಅದೇ ಲೇಖನ ಹಲವರ ಕಣ್ಣಿಗೆ ಬಿದ್ದಿದ್ದರೂ ಒತ್ತಿದವರು ತೀರಾ ಕಡಿಮೆ. ಚಿತ್ರವಾಗಿ ಮರದ ತುದಿಯಲ್ಲಿ ಕುಳಿತು ಔಷಧಿ ಹೊಡೆಯುತ್ತಿರುವ ಕೊನೆಗಾರರ ಫೋಟೋ ಹಾಕಿದ್ದೇನೆ; ಮೊಬೈಲನ್ನು ನೆಟ್ಟಗೆ ಹಿಡಿದು ತೆಗೆದದ್ದು.

ಈ ಬಾರಿ ಎರಡನೇ ಸಿಂಪಡಣೆಯ ಕುರಿತು ಹೊಸ ಲೇಖನ ಸಿದ್ಧವಾಗಿದೆ. ಬಿಡದೆ ಸುರಿಯುವ ಮಳೆಯಲ್ಲಿ, ಕೊಳೆ ತಡೆಯುವ ಬೋರ್ಡೋ ದ್ರಾವಣದ ಮೊದಲ ಸಿಂಪಡಣೆಯಾಗಿ 40–45 ದಿನ ಕಳೆದರೂ ಎರಡನೆಯದಕ್ಕೆ ಬಿಡುವು ಸಿಗದವರು ಏನು ಮಾಡಬಹುದು ಎಂಬುದು ಅದರ ವಿಷಯ. "ಅಡಿಕೆ ಬೆಳೆಗಾರರಿಗೆ ಬಿಗ್ ಶಾಕ್" ಎಂದು ತಲೆಬರಹ ಕೊಟ್ಟರೆ ಮಾತ್ರ ಡಿಸ್ಕವರ್‌ನಲ್ಲಿ ಓಡುತ್ತದೆ ಎಂದು ನಮ್ಮಲ್ಲಿಯ ಕಿರಿಯರೊಬ್ಬರ ಅಭಿಪ್ರಾಯ. ನನಗೆ ಅದು ಒಪ್ಪಿಗೆಯಿಲ್ಲ, ಆದರೆ ಬದಲಿಗೆ ಏನು ಬರೆಯಬೇಕೆಂಬುದೂ ಹೊಳೆಯುತ್ತಿಲ್ಲ. ಏನನ್ನೂ ಕೇಳದೆ ಸುಮ್ಮನೆ ಫೋನ್ ಸರಿಸುತ್ತಿರುವವರಿಗೆ ತಲೆಬರಹವನ್ನು, ಚಿತ್ರವನ್ನು ಹೇಗೆ ಆರಿಸಬೇಕು?

ರೇಖಾ ಎಚ್

ನನಗೂ ಇದೇ ಸಮಸ್ಯೆ. ನನ್ನದು ಅಡುಗೆಯ ತಾಣ. ಡಿಸ್ಕವರ್‌ಗೆ ಯಾವ ಕೀವರ್ಡ್ ಹಾಕಬೇಕೆಂದು ಎಲ್ಲಿಯೂ ಸಿಗುತ್ತಿಲ್ಲ. ಆ ವರದಿಯಲ್ಲಿ ಜನರು ಟೈಪ್ ಮಾಡಿದ ಪದಗಳ ಪಟ್ಟಿಯೂ ಕಾಣುವುದಿಲ್ಲ. ನನ್ನ ಖಾತೆಯಲ್ಲಿ ಏನಾದರೂ ಆನ್ ಮಾಡಬೇಕೇ? ತಲೆಬರಹದಲ್ಲಿ "ಅಡಿಕೆ ಕೊಳೆರೋಗ ಔಷಧಿ, ಕೊಳೆರೋಗ ಮದ್ದು, ಕೊಳೆರೋಗ ಸ್ಪ್ರೇ" ಎಂದು ಮೂರು ಬಗೆಯಲ್ಲಿ ಬರೆದರೆ ಉಪಯೋಗವಾಗಬಹುದಲ್ಲವೇ?

ವೆಬ್‌ಶಿಲ್ಪಿ

ರೇಖಾ ಅವರೇ, ನಿಮ್ಮ ಖಾತೆಯಲ್ಲಿ ಏನೂ ತಪ್ಪಿಲ್ಲ. ಆ ಪಟ್ಟಿ ಯಾರಿಗೂ ಕಾಣುವುದಿಲ್ಲ, ಏಕೆಂದರೆ ಅಲ್ಲಿ ಯಾರೂ ಏನನ್ನೂ ಟೈಪ್ ಮಾಡಿರುವುದೇ ಇಲ್ಲ. 2018ರಲ್ಲಿ ಡಿಸ್ಕವರ್ ಎಂಬ ಹೆಸರು ಪಡೆದ ಈ ಸೇವೆ ಒಬ್ಬ ವ್ಯಕ್ತಿಗೆ ಯಾವ ವಿಷಯಗಳಲ್ಲಿ ಆಸಕ್ತಿಯಿದೆ ಎಂದು ಲೆಕ್ಕ ಹಾಕಿ, ಆ ವಿಷಯದ ಪುಟಗಳನ್ನು ಗೂಗಲ್ ಆ್ಯಪಿನಲ್ಲಿ, ಬಹಳಷ್ಟು ಆಂಡ್ರಾಯ್ಡ್ ಫೋನುಗಳ ಮುಖಪರದೆಯ ಪಕ್ಕದಲ್ಲಿ ತಾನಾಗಿಯೇ ಜೋಡಿಸುತ್ತದೆ. ಪುಟ ಗೂಗಲ್‌ನಲ್ಲಿ ದಾಖಲಾಗಿದ್ದು ಅವರ ನೀತಿಗಳಿಗೆ ಒಳಪಟ್ಟಿದ್ದರೆ ಅರ್ಹತೆ ತಾನಾಗಿ ಬರುತ್ತದೆ, ಬೇರೆ ಅರ್ಜಿಯಿಲ್ಲ. ಒಂದೇ ಪದವನ್ನು ಮೂರು ಬಗೆಯಲ್ಲಿ ಬರೆದರೆ ಆಗುವುದಿಷ್ಟೇ: ಕಾರ್ಡಿನಲ್ಲಿರುವ ಎರಡು ಮೂರು ಸಾಲುಗಳ ಜಾಗ ವ್ಯರ್ಥವಾಗುತ್ತದೆ.

ಈಗ ಮೂಲ ಪ್ರಶ್ನೆಗೆ ಬರೋಣ. ಹುಡುಕಾಟದಲ್ಲಿ ಪ್ರಶ್ನೆಯ ಅರ್ಧ ಭಾಗವನ್ನು ಓದುಗರೇ ತಂದಿರುತ್ತಾರೆ. "ಕೊಳೆರೋಗಕ್ಕೆ ಪರಿಹಾರ" ಎಂದು ಬರೆದವರ ಎದುರು "ಲಕ್ಷಣಗಳು, ಕಾರಣಗಳು ಮತ್ತು ಪರಿಹಾರ" ಎಂಬ ತಲೆಬರಹ ಬಂದರೆ ಅದು ಅವರ ಪ್ರಶ್ನೆಗೆ ನೇರ ಉತ್ತರದಂತೆ ಕಾಣುತ್ತದೆ. ಡಿಸ್ಕವರ್‌ನಲ್ಲಿ ಅದೇ ತಲೆಬರಹವನ್ನು ಕಾಣುವವರು ಯಾರೆಂದು ಯೋಚಿಸಿ. ಅಡಿಕೆಯ ಬಗ್ಗೆ ಈಗಾಗಲೇ ಓದುತ್ತಿರುವವರು, ಬಹುಪಾಲು ಬೆಳೆಗಾರರೇ. ಅವರಿಗೆ ಕೊಳೆಯ ಲಕ್ಷಣವನ್ನು ಹೇಳಿಕೊಡುವ ಅಗತ್ಯವಿಲ್ಲ, ಮರದ ಬುಡದಲ್ಲಿ ಉದುರಿ ಬಿದ್ದ ಎಳೆಯ ಕಾಯಿಗಳನ್ನು ಅವರು ದಿನವೂ ಕಾಣುತ್ತಿದ್ದಾರೆ. ಹಾಗಾಗಿ ನಿಮ್ಮ ತಲೆಬರಹ ಅವರಿಗೆ ತಿಳಿದಿರುವುದನ್ನೇ ತಿಳಿಸುತ್ತೇನೆ ಎನ್ನುತ್ತಿದೆ. ಒತ್ತದಿರುವುದು ಸಹಜ.

ಕೇಳದೆ ಬಂದ ಕಾರ್ಡು, ಪ್ರಶ್ನೆ ಒದಗಿಸಬೇಕಾಗಿದ್ದ ಸಂದರ್ಭವನ್ನು ತಾನೇ ಒದಗಿಸಬೇಕು. ಯಾರಿಗೆ, ಯಾವ ಸ್ಥಿತಿಯಲ್ಲಿ, ಈಗ ಏಕೆ ಎಂಬ ಮೂರೂ ತಲೆಬರಹದಲ್ಲಿ ಕಾಣಬೇಕು. ನಿಮ್ಮ ಹೊಸ ಲೇಖನದ ವಿವರಣೆಯಲ್ಲಿಯೇ ಅದು ಇದೆ: ಮೊದಲ ಸಿಂಪಡಣೆ ಆಗಿದೆ, ದಿನಗಳು ಕಳೆದಿವೆ, ಮಳೆ ಬಿಡುತ್ತಿಲ್ಲ. ಈ ಇಕ್ಕಟ್ಟಿನಲ್ಲಿರುವ ಬೆಳೆಗಾರರು ತಮ್ಮದೇ ಪರಿಸ್ಥಿತಿಯನ್ನು ಕಾರ್ಡಿನಲ್ಲಿ ಕಂಡರೆ ನಿಲ್ಲುತ್ತಾರೆ. ಅದಕ್ಕೆ ಶಾಕ್ ಬೇಕಿಲ್ಲ.

ಕರಾವಳಿ ಬ್ಲಾಗಿಗ

ತಲೆಬರಹ ಆಮೇಲಿನ ಮಾತು, ಮೊದಲು ತಾಂತ್ರಿಕ ಅಡಚಣೆಯನ್ನು ನಿವಾರಿಸಿಕೊಳ್ಳಿ. ಡಿಸ್ಕವರ್‌ಗೆ ಎಎಂಪಿ, ಅಂದರೆ ಮೊಬೈಲಿನಲ್ಲಿ ಬೇಗ ತೆರೆಯುವ ಹಗುರ ರೂಪದ ಪುಟ, ಕಡ್ಡಾಯ. ಚಿತ್ರ 1200 ಪಿಕ್ಸೆಲ್ ಅಗಲ ಇರದಿದ್ದರೆ ಲೇಖನವನ್ನು ತೋರಿಸುವುದೇ ಇಲ್ಲ. ಆದುದರಿಂದ ನಾನು ನನ್ನ ಹಳೆಯ 700 ಪಿಕ್ಸೆಲ್ ಚಿತ್ರಗಳನ್ನೆಲ್ಲ ಸಾಫ್ಟ್‌ವೇರ್‌ನಲ್ಲಿ 1200ಕ್ಕೆ ಹಿಗ್ಗಿಸಿ ಹಾಕುತ್ತಿದ್ದೇನೆ.

ವೆಬ್‌ಶಿಲ್ಪಿ

1200 ಎಂಬ ಸಂಖ್ಯೆ ಸರಿ, ಉಳಿದದ್ದನ್ನು ಸ್ವಲ್ಪ ತಿದ್ದಬೇಕು. ಎಎಂಪಿ ಕಡ್ಡಾಯವಲ್ಲ. ಕನಿಷ್ಠ 1200 ಪಿಕ್ಸೆಲ್ ಅಗಲ ಎಂಬುದು ದೊಡ್ಡ ಕಾರ್ಡಿಗಾಗಿ ಕೊಟ್ಟಿರುವ ಸಲಹೆ. ಅದಕ್ಕಿಂತ ಕಡಿಮೆಯಿದ್ದರೂ ಲೇಖನ ಕಾಣಿಸಬಹುದು, ಆದರೆ ಪರದೆಯ ಅಗಲವನ್ನು ತುಂಬುವ ಚಿತ್ರದ ಬದಲು ತಲೆಬರಹದ ಪಕ್ಕದಲ್ಲಿ ಒಂದು ಸಣ್ಣ ಚೌಕ ಮಾತ್ರ ಸಿಗುತ್ತದೆ. ಹಿಗ್ಗಿಸುವುದರಿಂದ ಸಂಖ್ಯೆ ಬೆಳೆಯುತ್ತದೆಯೇ ಹೊರತು ವಿವರ ಬೆಳೆಯುವುದಿಲ್ಲ. ಮಬ್ಬಾದ ಚಿತ್ರ ದೊಡ್ಡದಾಗಿ ಕಂಡರೆ ಮಬ್ಬೂ ದೊಡ್ಡದಾಗಿಯೇ ಕಾಣುತ್ತದೆ.

ದೊಡ್ಡ ಚಿತ್ರವನ್ನು ತೋರಿಸಲು ನಿಮ್ಮ ಪುಟದ ಅನುಮತಿಯೂ ಬೇಕು. ಎಎಂಪಿ ಇಲ್ಲದ ಪುಟದಲ್ಲಿ ಅದನ್ನು ಈ ಸಾಲು ಕೊಡುತ್ತದೆ:

```
<meta name="robots" content="max-image-preview:large">
```

ವರ್ಡ್‌ಪ್ರೆಸ್ 2021ರ 5.7ನೇ ಆವೃತ್ತಿಯಿಂದ ಇದನ್ನು ತಾನಾಗಿಯೇ ಸೇರಿಸುತ್ತದೆ. ಆದುದರಿಂದ ಈಗ ಹೆಚ್ಚಿನವರು ಎಡವುವುದು ಇಲ್ಲಲ್ಲ, ಮುಂದಿನ ಹಂತದಲ್ಲಿ. ಕೃಷಿಪುಟದವರೇ, ನಿಮ್ಮ ಲೇಖನವನ್ನು ಕಂಪ್ಯೂಟರಿನಲ್ಲಿ ತೆರೆದು, ಪುಟದ ಮೂಲವನ್ನು ನೋಡಿ, ಅದರಲ್ಲಿ `og:image` ಎಂದು ಹುಡುಕಿ; ಪುಟವನ್ನು ಬೇರೆಡೆ ತೋರಿಸುವಾಗ ಯಾವ ಚಿತ್ರ ಬಳಸಬೇಕೆಂದು ಹೇಳುವ ಸಾಲು ಅದು. ಅಲ್ಲಿರುವ ಚಿತ್ರದ ವಿಳಾಸದ ಕೊನೆಯಲ್ಲಿ ಏನಿದೆ ಎಂದು ತಿಳಿಸುವಿರಾ?

ಸಾಗರದ ಕೃಷಿಪುಟ

`-768x1024.jpg` ಎಂದಿದೆ. ಆದರೆ ನಾನು ಏರಿಸಿದ ಮೂಲ ಫೋಟೋ 3000 × 4000 ಪಿಕ್ಸೆಲ್‌ನದ್ದು.

ವೆಬ್‌ಶಿಲ್ಪಿ

ಉತ್ತರ ಆ ಸಂಖ್ಯೆಯಲ್ಲಿಯೇ ಇದೆ. ವರ್ಡ್‌ಪ್ರೆಸ್ ಒಂದು ಚಿತ್ರದಿಂದ ಹಲವು ಅಳತೆಯ ಪ್ರತಿಗಳನ್ನು ತಯಾರಿಸುತ್ತದೆ. ಅವುಗಳಲ್ಲಿ `large` ಎಂದು ಕರೆಸಿಕೊಳ್ಳುವ ಪ್ರತಿ ಪೂರ್ವನಿಯೋಜಿತ ಸೆಟ್ಟಿಂಗಿನಲ್ಲಿ 1024 × 1024ರ ಚೌಕದೊಳಗೆ ಹಿಡಿಸುವಷ್ಟು ಮಾತ್ರ ಇರುತ್ತದೆ. ಹೆಸರು ದೊಡ್ಡದಾದರೂ 1200ನ್ನು ಅದು ಮುಟ್ಟುವುದಿಲ್ಲ. ನಿಮ್ಮ ಥೀಮ್ ಅಥವಾ ಪ್ಲಗಿನ್ ಆ ಪ್ರತಿಯನ್ನು `og:image` ಆಗಿ ಕೊಡುತ್ತಿದೆ. ನೆಟ್ಟಗಿನ ಫೋಟೋ ಆದ್ದರಿಂದ ಎತ್ತರ 1024ಕ್ಕೆ ಇಳಿದು ಅಗಲ 768ಕ್ಕೆ ಕುಸಿದಿದೆ. ಪ್ಲಗಿನ್ನಿನ ಸೆಟ್ಟಿಂಗಿನಲ್ಲಿ ಪೂರ್ಣ ಅಳತೆಯ ಚಿತ್ರವನ್ನು ಕೊಡುವಂತೆ ಬದಲಾಯಿಸಿ. ಪುಟದಲ್ಲಿ ಏನಿದೆ ಎಂದು ಯಂತ್ರಕ್ಕೆ ತಿಳಿಸುವ ಸ್ಕೀಮಾ ದತ್ತಾಂಶದಲ್ಲಿಯೂ ಚಿತ್ರದ ವಿಳಾಸ ಇರುತ್ತದೆ. ಅಲ್ಲಿ ಲೋಗೋ ಕುಳಿತಿಲ್ಲವೆಂದು ಖಚಿತಪಡಿಸಿಕೊಳ್ಳಿ, ಎರಡು ಕಡೆಯೂ ಒಂದೇ ಚಿತ್ರವಿರಲಿ.

ಇದಾದ ಮೇಲೆಯೂ ಒಂದು ತೊಂದರೆ ಉಳಿಯುತ್ತದೆ. ಕಾರ್ಡಿನ ಚಿತ್ರ ಅಡ್ಡಲಾಗಿರುತ್ತದೆ, ಸುಮಾರು 16:9ರ ಪ್ರಮಾಣದಲ್ಲಿ. 3000 × 4000ರ ಚಿತ್ರದಿಂದ ಪೂರ್ಣ ಅಗಲ ತೆಗೆದುಕೊಂಡು ಆ ಪ್ರಮಾಣಕ್ಕೆ ಕತ್ತರಿಸಿದರೆ ಎತ್ತರದಲ್ಲಿ ಉಳಿಯುವುದು 1687 ಪಿಕ್ಸೆಲ್ ಮಾತ್ರ. ಅರ್ಧಕ್ಕಿಂತ ಹೆಚ್ಚು ಹೋಯಿತು. ಕತ್ತರಿಸುವುದನ್ನು ಯಂತ್ರಕ್ಕೆ ಬಿಟ್ಟರೆ ಅದು ನಡುಭಾಗವನ್ನು ಉಳಿಸಿಕೊಂಡರೂ ಆಶ್ಚರ್ಯವಿಲ್ಲ, ಮತ್ತು ಅಡಿಕೆ ಮರದ ನಡುಭಾಗವೆಂದರೆ ಬರಿಯ ಕಾಂಡ.

ತೀರ್ಥಹಳ್ಳಿ ಕ್ಯಾಮೆರಾ

ಈ ಮಾತಿಗೆ ನನ್ನದೊಂದು ಸೇರ್ಪಡೆ. ಅಡಿಕೆ ತೋಟದಲ್ಲಿ ಎಲ್ಲವೂ ಉದ್ದುದ್ದ, ಹಾಗಾಗಿ ಕೈ ತಾನಾಗಿಯೇ ಫೋನನ್ನು ನೆಟ್ಟಗೆ ಹಿಡಿಯುತ್ತದೆ. ಅಡ್ಡ ಚೌಕಟ್ಟಿಗೆ ಬೇಕಾದ ಚಿತ್ರವನ್ನು ಮರದ ಮೇಲೆ ಹುಡುಕಬೇಡಿ, ನೆಲದ ಮೇಲೆ ಹುಡುಕಿ. ಒದ್ದೆ ನೆಲದಲ್ಲಿ ಉದುರಿದ ಕಾಯಿಗಳು, ಅವುಗಳನ್ನು ಹಿಡಿದು ತೋರಿಸುತ್ತಿರುವ ಒಂದು ಕೈ, ಹಿಂದೆ ಮಸುಕಾಗಿ ಕಾಣುವ ಕಾಂಡಗಳ ಸಾಲು. ಇಲ್ಲವೇ ಬೋರ್ಡೋ ದ್ರಾವಣ ಕಲಸುತ್ತಿರುವ ಡ್ರಮ್ಮಿನ ಸುತ್ತ ನಿಂತವರು. ಆ ನೀಲಿ ಬಣ್ಣವನ್ನು ಬೆಳೆಗಾರರು ಎಷ್ಟು ಸಣ್ಣ ಪರದೆಯಲ್ಲಿಯೂ ಗುರುತಿಸುತ್ತಾರೆ. ಕೊನೆಗಾರರೇ ಬೇಕೆಂದಿದ್ದರೆ ಮರದ ಮೇಲಿನ ಅಡಿಕೆ ಕೊನೆಯ ಮಟ್ಟದಲ್ಲಿ, ಅಂದರೆ ಪಕ್ಕದ ಎತ್ತರದ ಧರೆಯ ಮೇಲೆ ನಿಂತು ಅಡ್ಡಲಾಗಿ ತೆಗೆಯಿರಿ. ನಮ್ಮ ಕಡೆಯ ತೋಟಗಳು ಕಣಿವೆಯಲ್ಲಿರುವುದರಿಂದ ಅದಕ್ಕೆ ಜಾಗ ಸಿಗುತ್ತದೆ.

ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯವಾಗಿ ಕಳುಹಿಸಿದ ಫೋಟೋ ಕುಗ್ಗಿರುತ್ತದೆ ಎಂಬುದನ್ನೂ ನೆನಪಿಡಿ. ಊರಿನವರಿಂದ ತರಿಸಿಕೊಳ್ಳುವಾಗ ಡಾಕ್ಯುಮೆಂಟ್ ರೂಪದಲ್ಲಿ ಕಳುಹಿಸಲು ಹೇಳಿದರೆ ಮೂಲ ಅಳತೆ ಉಳಿಯುತ್ತದೆ.

ರೇಖಾ ಎಚ್

ಚಿತ್ರದ ಮೇಲೆಯೇ ದೊಡ್ಡ ಅಕ್ಷರಗಳಲ್ಲಿ "ಕೊಳೆಗೆ ಪರಿಹಾರ" ಎಂದು ಬರೆದು, ಕೆಂಪು ಬಾಣ ಹಾಕಿದರೆ? ಯೂಟ್ಯೂಬಿನಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಾರೆ.

ವೆಬ್‌ಶಿಲ್ಪಿ

ಬೇಡ. `og:image` ಆಗಿ ಕೊಡುವ ಚಿತ್ರದಲ್ಲಿ ಅಕ್ಷರಗಳನ್ನಾಗಲಿ ಲೋಗೋವನ್ನಾಗಲಿ ಬಳಸಬೇಡಿ ಎಂದು ಗೂಗಲ್‌ನ ಮಾರ್ಗದರ್ಶಿಯೇ ಹೇಳುತ್ತದೆ. ಅದನ್ನು ಬದಿಗಿಟ್ಟರೂ ಕಾರಣ ಸರಳ: ಚಿತ್ರದ ಕೆಳಗೆ ತಲೆಬರಹ ಇದ್ದೇ ಇರುತ್ತದೆ, ಒಂದೇ ಮಾತನ್ನು ಎರಡು ಸಲ ಹೇಳಿದಂತಾಗುತ್ತದೆ. ಕಾರ್ಡು ಕತ್ತರಿಸಲ್ಪಟ್ಟಾಗ ಆ ಅಕ್ಷರಗಳ ಅರ್ಧ ಹೋದರೆ ಇನ್ನೂ ವಿಕಾರ. ತಲೆಬರಹ ಹೇಳಲಾರದ್ದನ್ನು ಚಿತ್ರ ತೋರಿಸಲಿ.

ಹಳೆಯ ಡೆಸ್ಕ್

ನಾನು ಸುದ್ದಿಮನೆಯ ಡಿಜಿಟಲ್ ವಿಭಾಗದಲ್ಲಿ ಹಲವು ವರ್ಷ ಉಪಸಂಪಾದಕನಾಗಿ ದುಡಿದವನು. ಮೇಲಿನ ಸಜ್ಜನಿಕೆಯ ಮಾತುಗಳನ್ನು ಗೌರವಿಸುತ್ತೇನೆ, ಆದರೆ ಭಯ, ಆಘಾತಗಳ ಪದಗಳು ಕ್ಲಿಕ್ ತರುತ್ತವೆ ಎಂಬುದು ಡೆಸ್ಕಿನವರ ಮೂಢನಂಬಿಕೆಯಲ್ಲ. ಅಮೆರಿಕದ ಅಪ್‌ವರ್ದಿ ತಾಣ 2013ರಿಂದ 2015ರ ನಡುವೆ ಒಂದೇ ಸುದ್ದಿಗೆ ಬೇರೆ ಬೇರೆ ತಲೆಬರಹ ಕೊಟ್ಟು ನಡೆಸಿದ ಸಾವಿರಾರು ಪರೀಕ್ಷೆಗಳ ದಾಖಲೆಯನ್ನು ಸಂಶೋಧಕರು ಪರಿಶೀಲಿಸಿ 2023ರಲ್ಲಿ ನೇಚರ್ ಹ್ಯೂಮನ್ ಬಿಹೇವಿಯರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ನಕಾರಾತ್ಮಕ ಪದಗಳು ಕ್ಲಿಕ್ಕನ್ನು ಹೆಚ್ಚಿಸುತ್ತವೆ, ಸಕಾರಾತ್ಮಕ ಪದಗಳು ತಗ್ಗಿಸುತ್ತವೆ ಎಂಬುದೇ ಅದರ ಫಲಿತಾಂಶ. ಪಕ್ಕದ ತಾಣದವರು "ಶಾಕ್" ಎಂದು ಬರೆಯುತ್ತಿರುವಾಗ ನಾವೊಬ್ಬರೇ ಗಂಭೀರವಾಗಿ ಕುಳಿತರೆ ಸಂಬಳ ಕೊಡುವವರಾರು?

ವೆಬ್‌ಶಿಲ್ಪಿ

ಆ ಅಧ್ಯಯನವನ್ನು ನೀವು ಸರಿಯಾಗಿಯೇ ಹೇಳಿದ್ದೀರಿ, ಆದರೆ ಪರಿಣಾಮದ ಗಾತ್ರವನ್ನು ಬಿಟ್ಟಿದ್ದೀರಿ. ಸಾಧಾರಣ ಉದ್ದದ ತಲೆಬರಹದಲ್ಲಿ ಒಂದು ನಕಾರಾತ್ಮಕ ಪದ ಹೆಚ್ಚಾದರೆ ಕ್ಲಿಕ್ ಪ್ರಮಾಣ 2.3% ಏರಿತು ಎಂಬುದು ಅದರ ಲೆಕ್ಕ. ಅಂದರೆ 100 ಕ್ಲಿಕ್ ಬರುತ್ತಿದ್ದ ಕಡೆ 102 ಚಿಲ್ಲರೆ. ಅದೂ ಇಂಗ್ಲಿಷಿನಲ್ಲಿ, ಒಂದೇ ತಾಣಕ್ಕೆ ಬಂದವರ ನಡುವೆ.

ಅದಕ್ಕಿಂತ ಮುಖ್ಯವಾದದ್ದು ಕ್ಲಿಕ್ಕಿನ ನಂತರ ಏನಾಗುತ್ತದೆ ಎಂಬುದು. ಹೀಗೆ ಊಹಿಸಿಕೊಳ್ಳಿ. ಸಾವಿರ ಜನರ ಮುಂದೆ ಶಾಕ್ ತಲೆಬರಹ ಇಟ್ಟಾಗ 80 ಜನ ಒತ್ತಿ, ಅವರಲ್ಲಿ 50 ಜನ ಮೊದಲ ಪರದೆಯಲ್ಲಿಯೇ ಹಿಂದಿರುಗಿದರು. ನೇರ ತಲೆಬರಹಕ್ಕೆ 60 ಜನ ಒತ್ತಿ 15 ಜನ ಹಿಂದಿರುಗಿದರು. ಕ್ಲಿಕ್ ವರದಿಯಲ್ಲಿ ಮೊದಲನೆಯದು ಗೆದ್ದಿದೆ, ಓದಿದವರ ಲೆಕ್ಕದಲ್ಲಿ 30ಕ್ಕೆ 45. ಸರ್ಚ್ ಕನ್ಸೋಲ್ ನಿಮಗೆ ಕಾರ್ಡು ಕಂಡ ಸಂಖ್ಯೆಯನ್ನೂ ಕ್ಲಿಕ್ಕನ್ನೂ ತೋರಿಸುತ್ತದೆ. ಹಿಂದಿರುಗಿದವರನ್ನು ನೀವು ನಿಮ್ಮ ತಾಣದ ಅನಲಿಟಿಕ್ಸ್‌ನಲ್ಲಿಯೇ ನೋಡಬೇಕು.

ಇನ್ನು ನೀತಿಯ ಮಾತು. ಪುಟದಲ್ಲಿ ಇಲ್ಲದ ವಿವರವನ್ನು ತಲೆಬರಹದಲ್ಲೋ ಚಿತ್ರದಲ್ಲೋ ಇದೆಯೆಂದು ತೋರಿಸಿ ಒತ್ತಿಸುವುದನ್ನು ಡಿಸ್ಕವರ್‌ನ ನೀತಿ ನಿಷೇಧಿಸುತ್ತದೆ. ಫೇಸ್‌ಬುಕ್ ಕೂಡ 2016ರ ಆಗಸ್ಟ್‌ನಲ್ಲಿ ಇದೇ ದಾರಿ ಹಿಡಿಯಿತು. ಅರ್ಥವಾಗಲು ಬೇಕಾದ ಮಾಹಿತಿಯನ್ನು ಬೇಕೆಂದೇ ಮುಚ್ಚಿಡುವುದು, ಮತ್ತು ಉತ್ಪ್ರೇಕ್ಷೆಯಿಂದ ತಪ್ಪು ನಿರೀಕ್ಷೆ ಹುಟ್ಟಿಸುವುದು ಎಂಬ ಎರಡು ಗುರುತುಗಳನ್ನು ಇಟ್ಟುಕೊಂಡು ಅಂಥ ತಲೆಬರಹಗಳನ್ನು ಕೆಳಕ್ಕೆ ತಳ್ಳುವುದಾಗಿ ಪ್ರಕಟಿಸಿತು. "ಬೆಳೆಗಾರರಿಗೆ ಬಿಗ್ ಶಾಕ್" ಎಂಬ ಮೂರು ಪದಗಳಲ್ಲಿ ಈ ಎರಡೂ ಗುರುತುಗಳಿವೆ.

ದೂರದ ಓದುಗ

ನಾನು ಬರೆಯುವವನಲ್ಲ, ಓದುವವನು. ಡಬ್ಲಿನ್‌ನಲ್ಲಿದ್ದೇನೆ, ಹೊಸನಗರದ ಕಡೆ ನಮ್ಮ ದೊಡ್ಡಪ್ಪನವರ ತೋಟವಿದೆ. ನನ್ನ ಫೋನಿನಲ್ಲಿ ಅಡಿಕೆ ಧಾರಣೆಯ ಕಾರ್ಡುಗಳು ಕನ್ನಡದಲ್ಲಿಯೇ ಬರುತ್ತವೆ. "ಅಡಿಕೆ ಬೆಲೆ: ರೈತರಿಗೆ ಶಾಕ್" ಎಂಬುದನ್ನು ಒತ್ತಿ ನೋಡಿದರೆ ಒಳಗೆ ಹಿಂದಿನ ವಾರದ ದರಗಳ ಪಟ್ಟಿಯಿರುತ್ತದೆ. ಈಗ ನಾನು ಕಾರ್ಡಿನ ಮೂಲೆಯ ಮೂರು ಚುಕ್ಕಿಗಳನ್ನು ಒತ್ತಿ, ಈ ತಾಣವನ್ನು ಇನ್ನು ತೋರಿಸಬೇಡ ಎಂದು ಹೇಳಿಬಿಡುತ್ತೇನೆ. ಆಮೇಲೆ ಅವರು ಎಷ್ಟು ಒಳ್ಳೆಯ ಲೇಖನ ಬರೆದರೂ ನನಗೆ ಕಾಣುವುದಿಲ್ಲ. ಡೆಸ್ಕಿನವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆಯೇ?

ಹಳೆಯ ಡೆಸ್ಕ್

ಪ್ರಾಮಾಣಿಕವಾಗಿ ಹೇಳುವುದಾದರೆ, ಇಲ್ಲ. ಆ ಸಂಖ್ಯೆಯನ್ನು ಯಾವ ವರದಿಯೂ ನಮಗೆ ತೋರಿಸುವುದಿಲ್ಲ. ಕಾಣದ ಸಂಖ್ಯೆಯ ಬಗ್ಗೆ ಬೆಳಗಿನ ಸಭೆಯಲ್ಲಿ ಯಾರೂ ಪ್ರಶ್ನೆ ಕೇಳುವುದಿಲ್ಲ. ಕ್ಲಿಕ್ ಮಾತ್ರ ಪ್ರತಿ ಗಂಟೆಯೂ ಕಾಣುತ್ತದೆ. ಆದರೂ ಕುತೂಹಲವನ್ನೇ ಅಪರಾಧ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಎಲ್ಲವನ್ನೂ ತಲೆಬರಹದಲ್ಲಿಯೇ ಹೇಳಿಬಿಟ್ಟರೆ ಒಳಗೆ ಬರುವವರು ಯಾರು?

ಸಾಗರದ ಕೃಷಿಪುಟ

ಎಲ್ಲರ ಮಾತುಗಳನ್ನು ಓದಿ ಮೂರು ತಲೆಬರಹಗಳನ್ನು ಬರೆದಿದ್ದೇನೆ. ನಿಷ್ಠುರವಾಗಿಯೇ ಹೇಳಿ.

ಒಂದು: "ಕೊಳೆರೋಗ: ಎರಡನೇ ಸಿಂಪಡಣೆಯ ಮಹತ್ವ ಮತ್ತು ವಿಧಾನ."

ಎರಡು: "ಮಳೆಯ ನಡುವೆ ಬೋರ್ಡೋ ಹೊಡೆಯುವವರು ಈ ಒಂದು ವಿಷಯವನ್ನು ಮರೆಯುತ್ತಾರೆ."

ಮೂರು: "ಮೊದಲ ಬೋರ್ಡೋ ಆಗಿ 45 ದಿನ, ಮಳೆಗೆ ಬಿಡುವಿಲ್ಲ: ಕೊಳೆ ತಡೆಯಲು ಉಳಿದಿರುವ ದಾರಿಗಳು."

ವೆಬ್‌ಶಿಲ್ಪಿ

ಮೊದಲನೆಯದು ಹುಡುಕಾಟದ ತಲೆಬರಹ. ಕೇಳಿದವರಿಗೆ ಸಾಕು, ಕೇಳದವರಿಗೆ ಸಾಲದು. ಎರಡನೆಯದರಲ್ಲಿ "ಈ ಒಂದು ವಿಷಯ" ಎಂಬುದು ಮುಚ್ಚಿಟ್ಟ ಮಾಹಿತಿ, ಜೊತೆಗೆ ಬೆಳೆಗಾರರನ್ನು ದಡ್ಡರೆಂದು ಕರೆದಂತೆಯೂ ಇದೆ. ಮೂರನೆಯದು ಸರಿಯಾದ ದಿಕ್ಕಿನಲ್ಲಿದೆ. ಹಳೆಯ ಡೆಸ್ಕ್ ಅವರ ಪ್ರಶ್ನೆಗೂ ಅದರಲ್ಲಿಯೇ ಉತ್ತರ ಇದೆ: ಪರಿಸ್ಥಿತಿಯನ್ನು ಪೂರ್ತಿ ಹೇಳಿದೆ, ದಾರಿಗಳನ್ನು ಹೇಳಿಲ್ಲ. ಯಾವುದರ ಬಗ್ಗೆ ಎಂಬುದನ್ನು ಮುಚ್ಚಿಡುವುದು ಬೇರೆ, ಉತ್ತರವನ್ನು ಒಳಗೆ ಇಡುವುದು ಬೇರೆ. ಆದರೆ ಒಳಗೆ ದಾರಿಗಳು ನಿಜವಾಗಿ ಇರಬೇಕು. ಲೇಖನದಲ್ಲಿ ಮಳೆ ತಾಗದಂತೆ ಕೊನೆಗಳಿಗೆ ಕೊಟ್ಟೆ ಕಟ್ಟುವುದು, ಬಿಸಿಲು ಬಂದ ಒಂದೆರಡು ಗಂಟೆಯನ್ನು ಬಳಸಿಕೊಳ್ಳುವುದು, ಉದುರಿದ ಕಾಯಿಗಳನ್ನು ಹೆಕ್ಕಿ ತೋಟದಿಂದ ಹೊರಹಾಕುವುದು, ಇವುಗಳ ವಿವರ ಇದೆಯಷ್ಟೇ?

ಉದ್ದದ ಬಗ್ಗೆ ಒಂದು ಮಾತು. ಕಾರ್ಡಿನಲ್ಲಿ ಹಿಡಿಸದ ತಲೆಬರಹ ಚುಕ್ಕಿಗಳಲ್ಲಿ ಮುಗಿಯುತ್ತದೆ. ಪ್ಲಗಿನ್ನುಗಳು ತೋರಿಸುವ ಅಕ್ಷರಗಳ ಲೆಕ್ಕವನ್ನು ಕನ್ನಡಕ್ಕೆ ನಂಬಬೇಡಿ. "ಬೋರ್ಡೋ" ಎಂಬುದು ಕಣ್ಣಿಗೆ ಎರಡು ಅಕ್ಷರ, ಯೂನಿಕೋಡ್ ಲೆಕ್ಕದಲ್ಲಿ ಆರು. ಹಾಗಾಗಿ ಲೆಕ್ಕ ಮಿತಿ ಮೀರಿದೆ ಎಂದು ಕೆಂಪು ತೋರಿಸಿದರೂ ಪರದೆಯಲ್ಲಿ ಜಾಗ ಉಳಿದಿರಬಹುದು. ಒಂದು ಸಾಧಾರಣ ಫೋನಿನಲ್ಲಿ, ಅಕ್ಷರದ ಗಾತ್ರವನ್ನು ಸ್ವಲ್ಪ ದೊಡ್ಡದಾಗಿಸಿಕೊಂಡವರ ಪರದೆಯಲ್ಲಿಯೂ, ನೋಡುವುದೇ ಸರಿ. ನಿಮ್ಮ ಮೂರನೆಯದರಲ್ಲಿ "45 ದಿನ", "ಬಿಡುವಿಲ್ಲ" ಎಂಬವು ಮೊದಲೇ ಬಂದಿರುವುದರಿಂದ ಬಾಲ ಕತ್ತರಿಸಿದರೂ ತಿರುಳು ಉಳಿಯುತ್ತದೆ. ಅಡಿಕೆ ಎಂಬ ಪದ ಮಾತ್ರ ಇಲ್ಲ. ಬೆಳೆಗಾರರಿಗೆ ಬೇಡವಾದರೂ, "ಕೊಳೆ" ಎಂದರೆ ಬಚ್ಚಲಿನ ಕೊಳೆ ಎಂದುಕೊಳ್ಳುವವರಿಗಾಗಿ "ಅಡಿಕೆ ಕೊಳೆ" ಎಂದು ಸೇರಿಸಿ.

ಕರಾವಳಿ ಬ್ಲಾಗಿಗ

ಹಾಗಾದರೆ ಪುಟವನ್ನು ಬೇರೆಡೆ ತೋರಿಸುವಾಗ ಬಳಸುವ ತಲೆಬರಹದಲ್ಲಿ, ಅಂದರೆ `og:title`ನಲ್ಲಿ, ಆಕರ್ಷಕವಾದದ್ದನ್ನು, ಪುಟದ ಮೇಲೆ ಗಂಭೀರವಾದದ್ದನ್ನು ಇಡಬಹುದಲ್ಲವೇ? ಎರಡೂ ಸಿಕ್ಕಂತಾಯಿತು.

ವೆಬ್‌ಶಿಲ್ಪಿ

ಎರಡು ಬೇರೆ ತಲೆಬರಹ ಇಡಬಹುದು, ಹಲವರು ಇಡುತ್ತಾರೆ. ಹುಡುಕಾಟಕ್ಕೆ `<title>`ನಲ್ಲಿ ಮೊದಲನೆಯ ರೀತಿಯದು, `og:title`ನಲ್ಲಿ ಮೂರನೆಯ ರೀತಿಯದು. ಆದರೆ ಕಾರ್ಡಿನಲ್ಲಿ ಯಾವುದನ್ನು ತೋರಿಸಬೇಕೆಂದು ನಿರ್ಧರಿಸುವವರು ನಾವಲ್ಲ. ಕಾರ್ಡಿನಿಂದ ಬಂದವರು ಪುಟದ ಮೇಲೆ ಬೇರೆಯೇ ಮಾತನ್ನು ಕಂಡರೆ ತಪ್ಪು ಕಡೆ ಬಂದೆವೆಂದು ಹಿಂದಿರುಗುತ್ತಾರೆ. ಆದುದರಿಂದ ಎರಡೂ ಒಂದೇ ಲೇಖನದ ಮಾತಾಗಿರಲಿ.

ಹಳೆಯ ಡೆಸ್ಕ್

ಪ್ರಕಟವಾದ ಮರುದಿನ ತಲೆಬರಹ ಬದಲಿಸಿ ಕ್ಲಿಕ್ ಪ್ರಮಾಣ ಏರಿದ್ದನ್ನು ನಾನು ಹಲವು ಸಲ ಕಂಡಿದ್ದೇನೆ. ಆ ದಾರಿಯನ್ನೂ ಕೃಷಿಪುಟದವರು ಪ್ರಯತ್ನಿಸಬಹುದು.

ವೆಬ್‌ಶಿಲ್ಪಿ

ಏರಿದ್ದು ತಲೆಬರಹದಿಂದಲೇ ಎಂದು ಹೇಗೆ ತಿಳಿಯುವುದು? ಮೊದಲ ದಿನ ಕಾರ್ಡು ಕಂಡವರೂ ಮರುದಿನ ಕಂಡವರೂ ಒಂದೇ ಗುಂಪಲ್ಲ. ಅಡಿಕೆಯಲ್ಲಿ ಗಾಢ ಆಸಕ್ತಿಯುಳ್ಳ ಕೆಲವರಿಗೆ ಮಾತ್ರ ತೋರಿಸಿದಾಗ ಪ್ರಮಾಣ ಹೆಚ್ಚಿರುತ್ತದೆ, ಕೃಷಿಯನ್ನು ಆಗಾಗ ಓದುವ ದೊಡ್ಡ ಗುಂಪಿಗೆ ಹರಡಿದಾಗ ಅದೇ ತಲೆಬರಹದ ಪ್ರಮಾಣ ಇಳಿಯುತ್ತದೆ. ಇಳಿಕೆ ಕೆಟ್ಟ ಸುದ್ದಿಯೇ ಆಗಬೇಕಿಲ್ಲ. ಅಪ್‌ವರ್ದಿಯವರಿಗೆ ಒಂದೇ ವೇಳೆಯಲ್ಲಿ ಓದುಗರನ್ನು ಭಾಗ ಮಾಡಿ ಪರೀಕ್ಷಿಸುವ ಅನುಕೂಲವಿತ್ತು, ಡಿಸ್ಕವರ್‌ನಲ್ಲಿ ನಮಗೆ ಅದಿಲ್ಲ. ಒಂದು ಲೇಖನದ ಹಿಂದುಮುಂದನ್ನು ನೋಡುವ ಬದಲು, ಮಳೆಗಾಲದುದ್ದಕ್ಕೂ ಒಂದೇ ಬಗೆಯ ಲೇಖನಗಳನ್ನು ಎರಡು ಶೈಲಿಗಳಲ್ಲಿ ಬರೆದು, ಕಾರ್ಡು ಕಂಡ ಸಂಖ್ಯೆ ಹೆಚ್ಚುಕಡಿಮೆ ಸಮನಾಗಿರುವವನ್ನು ಮಾತ್ರ ಹೋಲಿಸುವುದು ಹೆಚ್ಚು ನಂಬಲರ್ಹ.

ಹಳೆಯ ಡೆಸ್ಕ್

ಒಬ್ಬರೇ ನಡೆಸುವ ತಾಣಕ್ಕೆ ಅಷ್ಟು ಲೇಖನಗಳು ಎಲ್ಲಿಂದ ಬರಬೇಕು, ಸ್ವಾಮಿ? ನಿಮ್ಮ ತರ್ಕ ಸರಿ, ಆದರೂ ಬದಲಿಸಿದ ಮೇಲೆ ಏರಿದ್ದನ್ನು ಪ್ರತಿ ಸಲವೂ ಆಕಸ್ಮಿಕ ಎನ್ನಲು ನನ್ನ ಮನಸ್ಸು ಒಪ್ಪುತ್ತಿಲ್ಲ.

ಸಾಗರದ ಕೃಷಿಪುಟ

ಪ್ಲಗಿನ್ನಿನ ಸೆಟ್ಟಿಂಗ್ ಬದಲಾಯಿಸಿದೆ; `og:image` ಈಗ ಪೂರ್ಣ ಅಳತೆಯನ್ನು ತೋರಿಸುತ್ತಿದೆ. ಉದುರಿದ ಕಾಯಿಗಳ ಅಡ್ಡ ಫೋಟೋವನ್ನು ಇಂದು ಮಧ್ಯಾಹ್ನ ತೆಗೆದು 1600 × 900ಕ್ಕೆ ನಾನೇ ಕತ್ತರಿಸಿದ್ದೇನೆ. ತಲೆಬರಹ "ಮೊದಲ ಬೋರ್ಡೋ ಆಗಿ 45 ದಿನ, ಮಳೆಗೆ ಬಿಡುವಿಲ್ಲ: ಅಡಿಕೆ ಕೊಳೆ ತಡೆಯಲು ಉಳಿದಿರುವ ದಾರಿಗಳು" ಎಂದಾಗಿದೆ. ವೆಬ್‌ಶಿಲ್ಪಿಯವರು ಕೇಳಿದ ಮೂರರಲ್ಲಿ ಕೊಟ್ಟೆ ಕಟ್ಟುವ ವಿವರ ಲೇಖನದಲ್ಲಿ ಒಂದೇ ಸಾಲಿನಲ್ಲಿತ್ತು. ಅದನ್ನು ಬಲ್ಲ ಹಿರಿಯರೊಬ್ಬರನ್ನು ನಾಳೆ ಮಾತನಾಡಿಸಿ, ಆ ಭಾಗವನ್ನು ಬೆಳೆಸಿದ ಮೇಲೆಯೇ ಪ್ರಕಟಿಸುತ್ತೇನೆ.